ಕೋಚಿಂಗ್ ಸೆಂಟರ್ ಸೈಟ್‌ನಲ್ಲಿ ಎಂಟು ಸಾವಿರ ಎಂಡಿ5 ಪಾಸ್‌ವರ್ಡ್‌ಗಳಿವೆ, ಎಲ್ಲರಿಗೂ ರೀಸೆಟ್ ಹೇಳದೆ ಬದಲಿಸಬಹುದಾ?

ಸಪ್ತಾಪುರ_ಸಂಜೆ

ಎಲ್ಲರಿಗೂ ನಮಸ್ಕಾರ. ಧಾರವಾಡದ ಒಂದು ಕೋಚಿಂಗ್ ಸೆಂಟರ್‌ನ ಆನ್‌ಲೈನ್ ಟೆಸ್ಟ್ ಸೈಟ್ ನೋಡಿಕೊಳ್ಳುವ ಕೆಲಸ ಈಗ ನನ್ನ ಕೈಗೆ ಬಂದಿದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಪ್ರತಿ ಭಾನುವಾರ ಬೆಳಿಗ್ಗೆ 10ಕ್ಕೆ ಅದರಲ್ಲಿ ಮಾಕ್ ಟೆಸ್ಟ್ ಬರೆಯುತ್ತಾರೆ. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಮಾಡಿದ್ದು. ಮೊದಲು ಬರೆದವರು ಯಾರೋ ಬೇರೆ, ಅವರು ಈಗ ಸಿಗುವುದಿಲ್ಲ.

ಟೇಬಲ್ ತೆರೆದು ನೋಡಿದೆ. ಪಾಸ್‌ವರ್ಡ್ ಕಾಲಂ `CHAR(32)`, ಒಳಗೆ ಬರೀ ಎಂಡಿ5. ಸಾಲ್ಟ್ ಇಲ್ಲ. ಒಂದೇ ಹ್ಯಾಶ್ ಎಷ್ಟು ಜನರಿಗಿದೆ ಅಂತ ತಿಳಿಯಲು ಇದನ್ನು ಓಡಿಸಿದೆ:

```sql
SELECT password, COUNT(*) AS n FROM students
GROUP BY password HAVING n > 1 ORDER BY n DESC;
```

ಉದ್ದದ ಪಟ್ಟಿಯೇ ಬಂತು. ಎಲ್ಲಕ್ಕಿಂತ ಮೇಲಿದ್ದದ್ದು `e10adc3949ba59abbe56e057f20f883e`. ಅದನ್ನು ಹಾಗೇ ಗೂಗಲ್‌ಗೆ ಹಾಕಿದರೆ ಮೊದಲ ಸಾಲಿನಲ್ಲೇ `123456` ಅಂತ ಉತ್ತರ ಸಿಕ್ಕಿತು. ನನಗೆ ಒಂದು ಟೂಲ್ ಕೂಡ ಬೇಕಾಗಲಿಲ್ಲ.

ಇನ್ನೊಂದು ವಿಷಯ. ಅಡ್ಮಿಷನ್ ಆದಾಗ ಆಫೀಸಿನವರೇ ಅಕೌಂಟ್ ಮಾಡಿಕೊಡುತ್ತಾರೆ. ಆಗ ಪಾಸ್‌ವರ್ಡ್ ಅಂದರೆ ಹುಟ್ಟಿದ ತಾರೀಖು, ಎಂಟು ಅಂಕಿ. ಬದಲಿಸಿಕೊಳ್ಳಿ ಅಂತ ಹೇಳಿರುತ್ತಾರೆ, ಎಷ್ಟು ಜನ ಬದಲಿಸಿದ್ದಾರೋ ಗೊತ್ತಿಲ್ಲ.

ಇದನ್ನು ಬಿಕ್ರಿಪ್ಟ್‌ಗೆ ತರಬೇಕು. ಆದರೆ ಎಲ್ಲರಿಗೂ "ಪಾಸ್‌ವರ್ಡ್ ರೀಸೆಟ್ ಮಾಡಿ" ಅಂದರೆ ಆಫೀಸಿನ ಫೋನ್ ಒಂದು ವಾರ ಕೆಳಗಿಡಲು ಆಗುವುದಿಲ್ಲ. ಅರ್ಧಕ್ಕರ್ಧ ಮಂದಿಯ ಇ-ಮೇಲ್ ವಿಳಾಸವೇ ಇಲ್ಲ, ಮೊಬೈಲ್ ನಂಬರ್ ಬದಲಾಗಿರುತ್ತದೆ. ದಾರಿ ಇದೆಯಾ?

---

ಬೆಟಗೇರಿ_ಮಗ್ಗ

ಬಿಕ್ರಿಪ್ಟ್ ತನಕ ಹೋಗುವುದೇ ಬೇಡ ಅನಿಸುತ್ತದೆ. ಎಂಡಿ5ನಲ್ಲಿ ಕೊಲಿಷನ್ ಸಿಕ್ಕಿದೆ, ಅದಕ್ಕೇ ಅದನ್ನು ಮುರಿದಿದ್ದಾರೆ ಅನ್ನುತ್ತಾರೆ. ಎಸ್‌ಎಚ್‌ಎ-256ಕ್ಕೆ ಅಂಥ ತೊಂದರೆ ಇಲ್ಲ. ಕಾನ್ಫಿಗ್ ಫೈಲ್‌ನಲ್ಲಿ ಒಂದು ಉದ್ದನೆಯ ಸಾಲ್ಟ್ ಇಡಿ, ಎಲ್ಲರ ಪಾಸ್‌ವರ್ಡ್‌ಗೂ ಅದನ್ನು ಸೇರಿಸಿ ಎಸ್‌ಎಚ್‌ಎ-256 ಮಾಡಿ. ನಾನು ಗದಗದ ಮೂರ್ನಾಲ್ಕು ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹೀಗೇ ಮಾಡಿದ್ದೇನೆ, ಚೆನ್ನಾಗಿ ನಡೆಯುತ್ತಿದೆ. ಸರ್ವರ್ ಮೇಲೂ ಭಾರ ಬೀಳುವುದಿಲ್ಲ.

---

ಬ್ಯಾಡಗಿ_ಮಾರುಕಟ್ಟೆ

ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ನಮ್ಮ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಬ್ಯಾಂಕ್, ಜಿಎಸ್‌ಟಿ, ಇ-ವೇ ಬಿಲ್ ಎಲ್ಲ ಸೇರಿ ಹದಿನೈದು ಪಾಸ್‌ವರ್ಡ್ ಆಗಿವೆ. ಗುಮಾಸ್ತರು ಕಂಪ್ಯೂಟರ್ ಪಕ್ಕದ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಇದಕ್ಕೆ ಸಾಲ್ಟ್ ಹಾಕಿ ಇಡಬಹುದಾ? ಯಾವ ಆ್ಯಪ್ ಒಳ್ಳೆಯದು?

---

ಉಣಕಲ್_ಕೆರೆ

ಬ್ಯಾಡಗಿ ಅಣ್ಣಾ, ನಿಮ್ಮದು ಬೇರೆ ವಿಷಯ. ನಿಮಗೆ ಪಾಸ್‌ವರ್ಡ್ ಮರಳಿ ಓದಲು ಬೇಕು, ಹಾಗಾಗಿ ನಿಮಗೆ ಪಾಸ್‌ವರ್ಡ್ ಮ್ಯಾನೇಜರ್ ಸರಿ, ಹ್ಯಾಶ್ ಅಲ್ಲ. ಇಲ್ಲಿ ಕೇಳುತ್ತಿರುವುದು ಸೈಟ್ ನಡೆಸುವವರ ಕಡೆಯದು. ಹುಡುಗ ಕೊಟ್ಟ ಪಾಸ್‌ವರ್ಡ್ ಸರಿಯೋ ತಪ್ಪೋ ಅಂತ ಸೈಟ್‌ಗೆ ಗೊತ್ತಾದರೆ ಸಾಕು, ಅದು ಏನು ಅಂತ ಗೊತ್ತಿರಬಾರದು.

ಬೆಟಗೇರಿಯವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಎಂಡಿ5ನಲ್ಲಿ ಕೊಲಿಷನ್ ಇರುವುದು ನಿಜ. ಆದರೆ ಪಾಸ್‌ವರ್ಡ್ ಕದಿಯುವವನಿಗೆ ಕೊಲಿಷನ್‌ನಿಂದ ಏನೂ ಸಿಗುವುದಿಲ್ಲ. ಅವನು ಊಹೆ ಮಾಡುತ್ತಾನೆ, ಹ್ಯಾಶ್ ಮಾಡುತ್ತಾನೆ, ಟೇಬಲ್ ಜೊತೆ ಹೋಲಿಸುತ್ತಾನೆ, ಅಷ್ಟೇ. ಅವನಿಗೆ ಬೇಕಾದದ್ದು ವೇಗ. ಆ ವೇಗ ಎಸ್‌ಎಚ್‌ಎ-256ನಲ್ಲೂ ಇದೆ.

ಲೆಕ್ಕ ಹಾಕಿ ನೋಡೋಣ. ಗೇಮ್ ಆಡಲು ಕೊಳ್ಳುವ ಒಂದು ಆರ್‌ಟಿಎಕ್ಸ್ 4090 ಕಾರ್ಡಿನಲ್ಲಿ ಹ್ಯಾಶ್‌ಕ್ಯಾಟ್ ಓಡಿಸಿದರೆ ಸೆಕೆಂಡಿಗೆ ಸುಮಾರು 16,000 ಕೋಟಿ ಎಂಡಿ5 ಆಗುತ್ತದೆ. ಎಸ್‌ಎಚ್‌ಎ-256 ಆದರೆ ಸುಮಾರು 2,200 ಕೋಟಿ. ಈಗ ಒಬ್ಬ ಹುಡುಗ ತನ್ನ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಇಟ್ಟಿದ್ದಾನೆ ಅಂದುಕೊಳ್ಳಿ. ನಮ್ಮ ನಂಬರ್‌ಗಳು 6, 7, 8, 9ರಿಂದ ಶುರುವಾಗಿ ಹತ್ತು ಅಂಕಿ ಇರುತ್ತವೆ. ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಎಂಡಿ5 ಆಗಲಿ ಎಸ್‌ಎಚ್‌ಎ-256 ಆಗಲಿ, ದೇಶದ ಎಲ್ಲ ನಂಬರ್‌ಗಳನ್ನೂ ಒಂದು ಸೆಕೆಂಡ್ ಮುಗಿಯುವುದರೊಳಗೆ ಪ್ರಯತ್ನಿಸಿ ಮುಗಿಸಬಹುದು.

ಅದೇ ಕಾರ್ಡಿನಲ್ಲಿ ಬಿಕ್ರಿಪ್ಟ್ ಕಾಸ್ಟ್ 12 ಆದರೆ ಸೆಕೆಂಡಿಗೆ ಸುಮಾರು 1,400 ಊಹೆ ಮಾತ್ರ. ಕೋಟಿ ಅಲ್ಲ, ಬರೀ 1,400. ಅದೇ 400 ಕೋಟಿ ನಂಬರ್ ಮುಗಿಸಲು ಒಂದು ತಿಂಗಳಿಗಿಂತ ಜಾಸ್ತಿ ಬೇಕು, ಅದೂ ಒಬ್ಬನೇ ಹುಡುಗನಿಗೆ. ಮುಂದಿನವನಿಗೆ ಸಾಲ್ಟ್ ಬೇರೆ ಇರುವುದರಿಂದ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಎಲ್ಲರಿಗೂ ಒಂದೇ ಸಾಲ್ಟ್ ಇಟ್ಟರೆ ಆಗದಿರುವುದು ಇದೇ. ನಿಮ್ಮ ಕಾನ್ಫಿಗ್ ಸಾಲ್ಟ್‌ನಿಂದ ಗೂಗಲ್‌ನಲ್ಲಿ ಹುಡುಕಿ ಸಿಗುವುದು ನಿಲ್ಲುತ್ತದೆ, ಸರಿ. ಆದರೆ `123456` ಇಟ್ಟ ಎಲ್ಲರ ಹ್ಯಾಶ್ ಇನ್ನೂ ಒಂದೇ ಥರ ಕಾಣುತ್ತದೆ. ಕಳ್ಳ ಒಂದು ಊಹೆಗೆ ಒಮ್ಮೆ ಹ್ಯಾಶ್ ಮಾಡಿ ಎಂಟು ಸಾವಿರ ಜನರ ಜೊತೆಗೂ ಹೋಲಿಸಬಹುದು. ಒಬ್ಬೊಬ್ಬರಿಗೂ ಬೇರೆ ಸಾಲ್ಟ್ ಇದ್ದರೆ ಆ ಒಂದು ಊಹೆಗೆ ಎಂಟು ಸಾವಿರ ಸಲ ಕೆಲಸ ಮಾಡಬೇಕು.

---

ಬೆಟಗೇರಿ_ಮಗ್ಗ

ವೇಗದ ಮಾತು ಒಪ್ಪಿದೆ. ಆದರೆ ಬಿಕ್ರಿಪ್ಟ್‌ನಲ್ಲಿ ಸಾಲ್ಟ್ ಹ್ಯಾಶ್ ಜೊತೆಗೇ ಕೂತಿರುತ್ತದೆ ಅಲ್ವಾ? ಟೇಬಲ್ ಕದ್ದವನಿಗೆ ಸಾಲ್ಟ್ ಕೂಡ ಸಿಕ್ಕಿತು. ನನ್ನದು ಕಾನ್ಫಿಗ್ ಫೈಲ್‌ನಲ್ಲಿದೆ, ಬರೀ ಡೇಟಾಬೇಸ್ ಕದ್ದರೆ ಸಿಗುವುದಿಲ್ಲ.

---

ಉಣಕಲ್_ಕೆರೆ

ಹೌದು, `$2y$12$` ಆದ ಮೇಲೆ ಬರುವ 22 ಅಕ್ಷರ ಸಾಲ್ಟ್, ಉಳಿದ 31 ಹ್ಯಾಶ್. ಎಲ್ಲ ಬಿಚ್ಚಿಟ್ಟ ಹಾಗೇ ಇರುತ್ತದೆ. ಸಾಲ್ಟ್ ಗುಟ್ಟಾಗಿರಬೇಕು ಅಂತ ಇಲ್ಲ. ಒಬ್ಬರದ್ದು ಇನ್ನೊಬ್ಬರಿಗಿಂತ ಬೇರೆ ಇರಬೇಕು, ಅದೇ ಅದರ ಕೆಲಸ. ಕಳ್ಳನಿಗೆ ಸಾಲ್ಟ್ ಸಿಕ್ಕರೂ ಮೊದಲೇ ಲೆಕ್ಕ ಮಾಡಿಟ್ಟ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ.

ನೀವು ಕಾನ್ಫಿಗ್‌ನಲ್ಲಿ ಗುಟ್ಟಾಗಿ ಇಡುವುದನ್ನು ಪೆಪ್ಪರ್ ಅನ್ನುತ್ತಾರೆ. ಅದು ಕೆಟ್ಟದ್ದಲ್ಲ. ಬಿಕ್ರಿಪ್ಟ್ ಮೇಲೆ ಅದನ್ನೂ ಸೇರಿಸಬಹುದು. ಆದರೆ ಅದು ಸಾಲ್ಟ್‌ನ ಜಾಗಕ್ಕೂ ಬರುವುದಿಲ್ಲ, ನಿಧಾನದ ಜಾಗಕ್ಕೂ ಬರುವುದಿಲ್ಲ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಳಗೆ ನುಗ್ಗಿದವನು ಡೇಟಾಬೇಸ್ ಮಾತ್ರ ಒಯ್ದು ಕಾನ್ಫಿಗ್ ಫೈಲ್ ಬಿಟ್ಟು ಹೋಗುತ್ತಾನೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ.

ಸಪ್ತಾಪುರದವರ ಪ್ರಶ್ನೆಗೆ ಬರುತ್ತೇನೆ. ರೀಸೆಟ್ ಇಲ್ಲದೆ ಮಾಡಬಹುದು. ನಿಮ್ಮ ಹತ್ತಿರ ಪಾಸ್‌ವರ್ಡ್ ಇಲ್ಲ, ಎಂಡಿ5 ಮಾತ್ರ ಇದೆ. ಹಾಗಾದರೆ ಆ ಎಂಡಿ5 ಅನ್ನೇ ಬಿಕ್ರಿಪ್ಟ್‌ಗೆ ಕೊಡಿ. ಈ ರಾತ್ರಿಯೇ ಎಂಟು ಸಾವಿರ ಜನರದ್ದೂ ಮುಗಿಯುತ್ತದೆ. ಲಾಗಿನ್ ಆಗುವಾಗ ಹುಡುಗ ಟೈಪ್ ಮಾಡಿದ್ದಕ್ಕೆ ಮೊದಲು ಎಂಡಿ5, ಆಮೇಲೆ ಬಿಕ್ರಿಪ್ಟ್ ಹೋಲಿಕೆ. ಸರಿ ಬಂದರೆ, ಆ ಗಳಿಗೆಯಲ್ಲಿ ಅಸಲಿ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರುತ್ತದೆ. ಅಲ್ಲೇ ನೇರವಾಗಿ ಬಿಕ್ರಿಪ್ಟ್ ಮಾಡಿ ಹೊಸದಾಗಿ ಬರೆದುಬಿಡಿ.

```php
$in = $row['scheme'] === 'md5wrap' ? md5($pw) : $pw;
$ok = password_verify($in, $row['pass_hash']);

if ($ok && ($row['scheme'] === 'md5wrap' ||
    password_needs_rehash($row['pass_hash'],
        PASSWORD_BCRYPT, ['cost' => 12]))) {
    $new = password_hash($pw, PASSWORD_BCRYPT, ['cost' => 12]);
    save_hash($row['id'], $new, 'bcrypt');
}
```

ಹುಡುಗನಿಗೆ ಏನೂ ಗೊತ್ತಾಗುವುದಿಲ್ಲ. ಹಳೆಯ ಪಾಸ್‌ವರ್ಡ್‌ನಿಂದಲೇ ಒಳಗೆ ಬರುತ್ತಾನೆ.

ಆದರೆ ಇದನ್ನು ಶುರು ಮಾಡುವ ಮೊದಲು ಒಂದು ಕೆಲಸ ಇದೆ. ನಿಮ್ಮ ಟೇಬಲ್‌ನಲ್ಲಿ ಹುಟ್ಟಿದ ತಾರೀಖಿನ ಕಾಲಂ ಇದೆಯಾ?

---

ಸಪ್ತಾಪುರ_ಸಂಜೆ

ಇದೆ ಸರ್. ಅದೇ ಟೇಬಲ್‌ನಲ್ಲಿ `dob` ಮತ್ತು `mobile` ಎರಡೂ ಇವೆ.

---

ಉಣಕಲ್_ಕೆರೆ

ಹಾಗಾದರೆ ನಿಮ್ಮ ದೊಡ್ಡ ತೂತು ಅಲ್ಲಿದೆ, ಎಂಡಿ5ನಲ್ಲಿ ಅಲ್ಲ.

ಮೇಲೆ ನಾನು ಹೇಳಿದ ಒಂದು ತಿಂಗಳ ಲೆಕ್ಕ ನಡೆಯುವುದು ಕಳ್ಳನಿಗೆ ನಂಬರ್ ಗೊತ್ತಿಲ್ಲದಿದ್ದರೆ ಮಾತ್ರ. ಟೇಬಲ್ ಕದ್ದವನಿಗೆ ಪಾಸ್‌ವರ್ಡ್ ಕಾಲಂ ಪಕ್ಕದಲ್ಲೇ ತಾರೀಖು, ಮೊಬೈಲ್ ಎರಡೂ ಸಿಗುತ್ತವೆ. ಅವನು 400 ಕೋಟಿ ಊಹೆ ಮಾಡುವುದಿಲ್ಲ. ಒಬ್ಬೊಬ್ಬರಿಗೆ ಎರಡೇ ಊಹೆ ಮಾಡುತ್ತಾನೆ. ಎಂಟು ಸಾವಿರ ಜನರಿಗೆ ಹದಿನಾರು ಸಾವಿರ ಊಹೆ. ಬಿಕ್ರಿಪ್ಟ್ ಕಾಸ್ಟ್ 12 ಇದ್ದರೂ ಒಂದು ಕಾರ್ಡಿಗೆ ಹನ್ನೆರಡು ಸೆಕೆಂಡಿನ ಕೆಲಸ.

`dob` ಕಾಲಂ ಇಲ್ಲದೇ ಇದ್ದರೂ ಕಥೆ ಅಷ್ಟೇನೂ ಬದಲಾಗುವುದಿಲ್ಲ. ಈ ವಯಸ್ಸಿನವರದ್ದು ಮೂವತ್ತು ವರ್ಷದ ತಾರೀಖು ಹಿಡಿದರೆ ಸುಮಾರು 11,000. ಸೆಕೆಂಡಿಗೆ 1,400ರ ಲೆಕ್ಕದಲ್ಲಿ ಒಬ್ಬರಿಗೆ ಎಂಟು ಸೆಕೆಂಡ್. ಊಹೆಗಳು ಕಡಿಮೆ ಇದ್ದರೆ ಪ್ರತಿ ಊಹೆಯನ್ನು ಎಷ್ಟು ನಿಧಾನ ಮಾಡಿದರೂ ಸಾಲದು.

ಒಳ್ಳೆಯ ಸುದ್ದಿ ಏನಂದರೆ, ಈಗಿನ ಎಂಡಿ5 ವೇಗ ನಿಮಗೂ ಸಹಾಯಕ್ಕೆ ಬರುತ್ತದೆ. ಬಿಕ್ರಿಪ್ಟ್‌ಗೆ ಸುತ್ತುವ ಮೊದಲೇ, ಯಾರು ಇನ್ನೂ ಆಫೀಸ್ ಕೊಟ್ಟ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದಾರೆ ಅಂತ ಒಂದೇ ಸಾಲಿನಲ್ಲಿ ಗುರುತು ಮಾಡಿಬಿಡಿ:

```sql
UPDATE students SET must_change = 1
WHERE password = MD5(DATE_FORMAT(dob, '%d%m%Y'))
   OR password = MD5(mobile)
   OR password = MD5('123456');
```

ಗುರುತು ಮಾತ್ರ ಮಾಡಿ. ಯಾರದ್ದು ಏನು ಅಂತ ಪಟ್ಟಿ ತೆಗೆದು ಎಕ್ಸೆಲ್‌ನಲ್ಲಿ ಇಡಬೇಡಿ. ಗುರುತಾದವರು ಮುಂದಿನ ಸಲ ಲಾಗಿನ್ ಆದಾಗ ಹೊಸ ಪಾಸ್‌ವರ್ಡ್ ಇಡದೆ ಮುಂದಕ್ಕೆ ಬಿಡಬೇಡಿ. ಹೊಸದು ತಾರೀಖು ಅಥವಾ ಮೊಬೈಲ್ ಆಗಿದ್ದರೆ ತಗೊಳ್ಳಬೇಡಿ.

---

ಹಾವೇರಿ_ಮೇಡಂ

ನಾನು ಕಾಲೇಜಿನಲ್ಲಿ ಕಲಿಸುತ್ತೇನೆ, ನಮ್ಮಲ್ಲೂ ಆನ್‌ಲೈನ್ ಇಂಟರ್ನಲ್ಸ್ ಇರುತ್ತದೆ. ಒಂದು ವಿಷಯ ಯಾರೂ ಹೇಳಲಿಲ್ಲ. ಭಾನುವಾರ 10 ಗಂಟೆಗೆ ಎಲ್ಲರೂ ಒಟ್ಟಿಗೇ ಲಾಗಿನ್ ಆಗುತ್ತಾರೆ. ನಿಧಾನದ ಹ್ಯಾಶ್ ಕಳ್ಳನಿಗೆ ಮಾತ್ರ ನಿಧಾನ ಅಲ್ಲ, ನಮ್ಮ ಸರ್ವರ್‌ಗೂ ನಿಧಾನ. ಕಾಸ್ಟ್ 12ಕ್ಕೆ ಒಂದು ಲಾಗಿನ್ ಕಾಲು ಸೆಕೆಂಡ್ ಹಿಡಿದರೆ, ನಾಲ್ಕು ಕೋರ್ ಇರುವ ಸರ್ವರ್ ಸೆಕೆಂಡಿಗೆ ಹದಿನಾರು ಜನರನ್ನು ಒಳಗೆ ಬಿಡುತ್ತದೆ. 600 ಜನ ಒಟ್ಟಿಗೆ ಬಂದರೆ ಕೊನೆಯವನು ಮೂವತ್ತೆಂಟು ಸೆಕೆಂಡ್ ಕಾಯಬೇಕು. ಅವನು ಸುಮ್ನೆ ಕಾಯುವುದಿಲ್ಲ, ಬಟನ್ ಮತ್ತೆ ಮತ್ತೆ ಒತ್ತುತ್ತಾನೆ. ಆಗ 600 ಇದ್ದದ್ದು ಎರಡು ಸಾವಿರ ಆಗುತ್ತದೆ. ಪೇಪರ್ ಶುರುವಾಗುವ ಹೊತ್ತಿಗೆ ಸೈಟ್ ಬಿದ್ದಿರುತ್ತದೆ.

ನಾನಾದರೆ ಕಾಸ್ಟ್ 10 ಇಡುತ್ತೇನೆ. ಒಂದು ಮೆಟ್ಟಿಲು ಇಳಿದರೆ ಸಮಯ ಅರ್ಧ, ಎರಡು ಇಳಿದರೆ ಕಾಲು ಭಾಗ. 600 ಜನ ಹತ್ತು ಸೆಕೆಂಡಿನಲ್ಲಿ ಒಳಗೆ ಬರುತ್ತಾರೆ.

---

ಉಣಕಲ್_ಕೆರೆ

ಮೇಡಂ, ನೀವು ಹೇಳಿದ ಲೆಕ್ಕ ಸರಿ. ಆದರೆ ನನ್ನ ದಾರಿ ಬೇರೆ. ಲಾಗಿನ್ ಪುಟವನ್ನು 9 ಗಂಟೆಗೇ ತೆರೆದಿಡಿ, ಒಳಗೆ ಬಂದವರು ಕಾಯುವ ಪುಟದಲ್ಲಿ ಕೂರಲಿ, ಪೇಪರ್ 10ಕ್ಕೆ ಬರಲಿ. ಹ್ಯಾಶ್ ಲೆಕ್ಕ ನಡೆಯುವುದು ಲಾಗಿನ್‌ನಲ್ಲಿ ಒಮ್ಮೆ ಮಾತ್ರ. ಆಮೇಲೆ ಸೆಷನ್ ಕುಕೀ ಇರುತ್ತದೆ, ಪ್ರತಿ ಪ್ರಶ್ನೆಗೂ ಬಿಕ್ರಿಪ್ಟ್ ಓಡುವುದಿಲ್ಲ. ಬಟನ್ ಒಮ್ಮೆ ಒತ್ತಿದ ಮೇಲೆ ಉತ್ತರ ಬರುವ ತನಕ ಅದನ್ನು ಆಫ್ ಮಾಡಿಬಿಡಿ. ಒಂದೇ ಅಕೌಂಟಿಗೆ ಮತ್ತೆ ಮತ್ತೆ ಬರುವ ಪ್ರಯತ್ನಗಳಿಗೆ ಮಿತಿ ಇಡಿ. ಇಲ್ಲದಿದ್ದರೆ ಯಾರಾದರೂ ತಪ್ಪು ಪಾಸ್‌ವರ್ಡ್ ಸುರಿದೇ ಸರ್ವರ್ ಬೀಳಿಸಬಹುದು.

---

ಹಾವೇರಿ_ಮೇಡಂ

ಹಳ್ಳಿಯಿಂದ ಬರೆಯುವವರಿಗೆ 9 ಗಂಟೆಗೆ ಕರೆಂಟ್, ನೆಟ್‌ವರ್ಕ್ ಎರಡೂ ಒಟ್ಟಿಗೆ ಇರುತ್ತವೆ ಅಂತ ಯಾರು ಹೇಳುತ್ತಾರೆ? 10ಕ್ಕೆ ಐದು ನಿಮಿಷ ಇದ್ದಾಗಲೇ ಹೆಚ್ಚಿನವರು ಬರುವುದು, ನಾನು ನೋಡಿದ್ದೇನೆ. ನನ್ನ ಪ್ರಕಾರ ಮೊದಲು ಆ ಸರ್ವರ್‌ನಲ್ಲೇ ಅಳೆದು ನೋಡಲಿ. ನನ್ನ ಲ್ಯಾಪ್‌ಟಾಪ್‌ನ ಕಾಲು ಸೆಕೆಂಡ್ ಅವರ ಅಗ್ಗದ ವಿಪಿಎಸ್‌ನಲ್ಲಿ ಮುಕ್ಕಾಲು ಸೆಕೆಂಡ್ ಆಗಬಹುದು.

---

ಉಣಕಲ್_ಕೆರೆ

ಅಳೆಯಬೇಕು ಅನ್ನುವುದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಓವಾಸ್ಪ್‌ನವರು ಬಿಕ್ರಿಪ್ಟ್‌ಗೆ ಕಾಸ್ಟ್ 10ಕ್ಕಿಂತ ಕಡಿಮೆ ಬೇಡ ಅನ್ನುತ್ತಾರೆ. ಪಿಎಚ್‌ಪಿಯ ಡೀಫಾಲ್ಟ್ ಕೂಡ ಮೊದಲಿಂದ 10 ಇತ್ತು, 8.4ರಲ್ಲಿ 12 ಮಾಡಿದರು. ಹಾಗಾಗಿ 10 ಇಟ್ಟರೆ ತಪ್ಪು ಅನ್ನಲಾರೆ. ನಾನು ಮಾತ್ರ 12ರಿಂದ ಶುರು ಮಾಡಿ, ಸರ್ವರ್ ತಾಳದಿದ್ದರೆ 11ಕ್ಕೆ ಇಳಿಯುತ್ತೇನೆ.

---

ವಿದ್ಯಾಗಿರಿ_ಹುಡುಗಿ

ಒಂದು ಸಂದೇಹ ಸರ್. ನಮಗೆ ಕ್ಲಾಸಿನಲ್ಲಿ ಆರ್ಗಾನ್2 ಹೇಳಿದ್ದರು, 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದದ್ದು ಅದೇ ಅಂತ. ಬಿಕ್ರಿಪ್ಟ್ 1999ರದ್ದು. ಹೊಸದಾಗಿ ಮಾಡುವಾಗ ಹಳೆಯದನ್ನೇ ಏಕೆ?

ಇನ್ನೊಂದು. ನಾನು ಪಾಸ್‌ವರ್ಡನ್ನು ಕನ್ನಡದಲ್ಲೇ ಒಂದು ವಾಕ್ಯ ಇಡುತ್ತೇನೆ. ಬಿಕ್ರಿಪ್ಟ್ 72 ಬೈಟ್ ಮಾತ್ರ ನೋಡುತ್ತದೆ ಅಂತ ಓದಿದೆ. ಕನ್ನಡಕ್ಕೆ ಅದು ಸಾಕಾಗುತ್ತದಾ?

---

ಉಣಕಲ್_ಕೆರೆ

ಒಳ್ಳೆಯ ಪ್ರಶ್ನೆ ತಂಗಿ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಕೋಡ್‌ಗೆ ಮೂರು ಬೈಟ್. ಅಂದರೆ 72 ಬೈಟ್‌ಗೆ 24 ಕೋಡ್. "ಕ್ಷ" ನೋಡಲು ಒಂದೇ ಅಕ್ಷರ, ಆದರೆ ಕ, ಹಲಂತ, ಷ ಸೇರಿ ಮೂರು ಕೋಡ್, ಒಂಬತ್ತು ಬೈಟ್. ಒತ್ತಕ್ಷರ, ಗುಣಿತ ಜಾಸ್ತಿ ಇರುವ ವಾಕ್ಯವಾದರೆ ಕಣ್ಣಿಗೆ ಕಾಣುವ ಹತ್ತು ಹನ್ನೆರಡು ಅಕ್ಷರಕ್ಕೇ 72 ಮುಗಿಯುತ್ತದೆ. ಅದರಾಚೆ ನೀವು ಏನು ಬರೆದರೂ ಪಿಎಚ್‌ಪಿಯ ಬಿಕ್ರಿಪ್ಟ್ ಅದನ್ನು ನೋಡುವುದೇ ಇಲ್ಲ. ಪರೀಕ್ಷೆ ಮಾಡುವುದು ಸುಲಭ. ಉದ್ದದ ವಾಕ್ಯ ಇಟ್ಟು, ಕೊನೆಯ ಪದ ಬಿಟ್ಟು ಲಾಗಿನ್ ಆಗಿ ನೋಡಿ. ಒಳಗೆ ಬಿಟ್ಟರೆ ಕತ್ತರಿಸಿದೆ ಅಂತ ಅರ್ಥ.

ಇನ್ನೊಂದು ಗಮನಿಸಿ. "ಕೊ" ಬರೆಯುವಾಗ ಗುಣಿತವನ್ನು ಒಂದೇ ಕೋಡ್‌ನಲ್ಲಿ ಬರೆಯಬಹುದು, ಎರಡು ಕೋಡ್ ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಹ್ಯಾಶ್‌ಗೆ ಎರಡೂ ಬೇರೆ. ಹಾಗಾಗಿ ಹ್ಯಾಶ್ ಮಾಡುವ ಮೊದಲು ಯೂನಿಕೋಡ್ ನಾರ್ಮಲೈಸ್ ಮಾಡಬೇಕು. ಇಲ್ಲದಿದ್ದರೆ ಫೋನಿನಲ್ಲಿ ಸರಿ ಬಂದ ಪಾಸ್‌ವರ್ಡ್ ಕಂಪ್ಯೂಟರ್‌ನಲ್ಲಿ ತಪ್ಪು ಅನ್ನಬಹುದು.

ಆರ್ಗಾನ್2ಐಡಿ ಸಿಗುವುದಾದರೆ ಅದೇ ಒಳ್ಳೆಯದು, ನಿಮ್ಮ ಮೇಷ್ಟ್ರು ಸರಿಯಾಗಿಯೇ ಹೇಳಿದ್ದಾರೆ. ಅದು ಸಮಯದ ಜೊತೆ ಮೆಮೊರಿಯನ್ನೂ ತಿನ್ನುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಅದೇ ಕಷ್ಟ. 72 ಬೈಟ್‌ನ ಮಿತಿಯೂ ಅದಕ್ಕಿಲ್ಲ. ಆದರೆ ಕೆಲವು ಹೋಸ್ಟಿಂಗ್‌ಗಳಲ್ಲಿ ಪಿಎಚ್‌ಪಿಯನ್ನು ಅದು ಇಲ್ಲದೆ ಕಟ್ಟಿರುತ್ತಾರೆ. `php -r "print_r(password_algos());"` ಓಡಿಸಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

---

ಬ್ಯಾಡಗಿ_ಮಾರುಕಟ್ಟೆ

ನನ್ನದು ಬೇರೆ ವಿಷಯ ಅಂತ ಈಗ ತಿಳಿಯಿತು, ಆದರೂ ಒಂದು ಕೇಳುತ್ತೇನೆ. ನಮಗೆ ಸಾಫ್ಟ್‌ವೇರ್ ಕೊಟ್ಟವರೊಬ್ಬರು ಇದ್ದಾರೆ. ಪಾಸ್‌ವರ್ಡ್ ಮರೆತರೆ ಫೋನ್ ಮಾಡಿದರೆ ಸಾಕು, ನಮ್ಮ ಹಳೆಯ ಪಾಸ್‌ವರ್ಡನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಒಳ್ಳೆಯ ಸೇವೆ ಅಂದುಕೊಂಡಿದ್ದೆ. ಇಲ್ಲಿ ಓದಿದ ಮೇಲೆ ಭಯ ಬಂತು.

---

ಹಾವೇರಿ_ಮೇಡಂ

ಭಯ ಬರಬೇಕಾದದ್ದೇ ಅಣ್ಣಾ. ಹಳೆಯದನ್ನೇ ಮರಳಿ ಹೇಳಲು ಬಂದರೆ ಅವರ ಹತ್ತಿರ ಅದು ಹಾಗೇ ಬರೆದಿದೆ, ಇಲ್ಲವೇ ಬಿಚ್ಚುವ ಕೀಲಿ ಅವರ ಹತ್ತಿರವೇ ಇದೆ. ಹ್ಯಾಶ್ ಆಗಿದ್ದರೆ ಅವರಿಗೂ ಹೇಳಲು ಬರುವುದಿಲ್ಲ, ಹೊಸದು ಇಡಿಸಬಹುದು ಅಷ್ಟೇ. ಆ ಪಾಸ್‌ವರ್ಡನ್ನು ಬ್ಯಾಂಕಿಗೂ ಇಟ್ಟಿದ್ದರೆ ಇವತ್ತೇ ಬ್ಯಾಂಕಿನದ್ದು ಬದಲಿಸಿ.

---

ಸಪ್ತಾಪುರ_ಸಂಜೆ

ಉಣಕಲ್ ಸರ್ ಹೇಳಿದ ಹಾಗೆ ಮೊದಲು ಡೇಟಾಬೇಸ್‌ನ ಕಾಪಿ ಮೇಲೆ ಮಾಡಿ ನೋಡಿದೆ. ಹೊಸ ಕಾಲಂ `pass_hash VARCHAR(255)` ಸೇರಿಸಿದೆ, ಹಳೆಯದನ್ನು ಮುಟ್ಟಲಿಲ್ಲ. ಮೊದಲು ಬ್ರೌಸರ್‌ನಿಂದ ಓಡಿಸಿದ್ದಕ್ಕೆ ಮೂವತ್ತು ಸೆಕೆಂಡಿಗೆ ಟೈಮ್‌ಔಟ್ ಆಯಿತು. ಕಮಾಂಡ್ ಲೈನ್‌ನಿಂದ ಓಡಿಸಿದರೆ ಅರ್ಧ ಗಂಟೆ ದಾಟಿ ಮುಗಿಯಿತು. `pass_hash IS NULL` ಇರುವವರನ್ನು ಮಾತ್ರ ತೆಗೆದುಕೊಳ್ಳುವ ಹಾಗೆ ಬರೆದಿದ್ದರಿಂದ ನಡುವೆ ನಿಂತರೂ ಮುಂದುವರಿಯುತ್ತದೆ.

ಆದರೆ ಒಂದು ವಿಚಿತ್ರ. ಟೆಸ್ಟ್‌ಗೆ ಅಂತ ಕೆಲವು ಅಕೌಂಟ್‌ಗಳಲ್ಲಿ ಲಾಗಿನ್ ಮಾಡಿದೆ. ಹೆಚ್ಚಿನವು ಸರಿ. ಒಂದು ಬ್ಯಾಚಿನ ಅಕೌಂಟ್ ಯಾವುದೂ ಒಳಗೆ ಬಿಡುತ್ತಿಲ್ಲ. ಅದೇ ಪಾಸ್‌ವರ್ಡ್ ಈಗಿನ ಸೈಟ್‌ನಲ್ಲಿ ನಡೆಯುತ್ತದೆ.

---

ಉಣಕಲ್_ಕೆರೆ

ಆ ಬ್ಯಾಚಿನವರ ಹಳೆಯ ಎಂಡಿ5 ಒಂದನ್ನು ಕಣ್ಣಿಟ್ಟು ನೋಡಿ. ಅಕ್ಷರಗಳು ದೊಡ್ಡವಾ, ಚಿಕ್ಕವಾ?

---

ಸಪ್ತಾಪುರ_ಸಂಜೆ

ಹೌದು ಸರ್! ಎಲ್ಲ ಕ್ಯಾಪಿಟಲ್. `E10ADC...` ಅಂತ ಶುರುವಾಗುವುದೂ ಇದೆ. ಆ ಬ್ಯಾಚನ್ನು ಆಫೀಸಿನಲ್ಲಿ ಯಾವುದೋ ವಿಂಡೋಸ್ ಟೂಲ್‌ನಿಂದ ಇಂಪೋರ್ಟ್ ಮಾಡಿದ್ದರಂತೆ.

---

ಉಣಕಲ್_ಕೆರೆ

ಅದೇ ಕಾರಣ. ಹಳೆಯ ಕೋಡ್ `WHERE password = MD5(...)` ಅಂತ ಹೋಲಿಕೆಯನ್ನು ಮೈಎಸ್‌ಕ್ಯೂಎಲ್‌ಗೆ ಬಿಟ್ಟಿತ್ತು. ನಿಮ್ಮ ಕಾಲಂನ ಕೊಲೇಷನ್ ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಅನ್ನುತ್ತದೆ, ಹಾಗಾಗಿ ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ. ಬಿಕ್ರಿಪ್ಟ್‌ಗೆ `E` ಬೇರೆ, `e` ಬೇರೆ. ಪಿಎಚ್‌ಪಿಯ `md5()` ಚಿಕ್ಕಕ್ಷರ ಕೊಡುತ್ತದೆ. ಸುತ್ತುವಾಗ ಹೀಗೆ ಮಾಡಿ:

```php
password_hash(strtolower($r['password']),
    PASSWORD_BCRYPT, ['cost' => 12]);
```

ಹಳೆಯ ಕಾಲಂ ಮುಟ್ಟದೆ ಇಟ್ಟಿದ್ದು ಒಳ್ಳೆಯದಾಯಿತು. ಆ 32 ಅಕ್ಷರದ ಕಾಲಂಗೇ ಬಿಕ್ರಿಪ್ಟ್ ಬರೆದಿದ್ದರೆ, ಸ್ಟ್ರಿಕ್ಟ್ ಮೋಡ್ ಇಲ್ಲದ ಮೈಎಸ್‌ಕ್ಯೂಎಲ್ 60 ಅಕ್ಷರವನ್ನು 32ಕ್ಕೆ ಕತ್ತರಿಸಿ ಬರೀ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತಿತ್ತು. ಆಗ ಹೊಸದೂ ಕೆಟ್ಟಿತು, ಹಳೆಯದೂ ಹೋಯಿತು. ಕೆಲಸ ಮುಗಿದ ಮೇಲೆ ಇದನ್ನು ಓಡಿಸಿ, ಒಂದೇ ಸಾಲು ಬರಬೇಕು, ಅದು 60 ಇರಬೇಕು:

```sql
SELECT LENGTH(pass_hash), COUNT(*) FROM students
GROUP BY LENGTH(pass_hash);
```

ಆಮೇಲೆ ನೀವು ಮೊದಲು ಓಡಿಸಿದ ಕ್ವೆರಿಯನ್ನೇ `pass_hash` ಮೇಲೆ ಓಡಿಸಿ. ಒಂದೇ ಥರದ ಹ್ಯಾಶ್ ಇಬ್ಬರಿಗೆ ಇರಬಾರದು. ಪಟ್ಟಿ ಖಾಲಿ ಬಂದರೆ ಸಾಲ್ಟ್ ಕೆಲಸ ಮಾಡುತ್ತಿದೆ.

ಅಸಲಿ ಸೈಟ್‌ನಲ್ಲಿ ಮಾಡುವಾಗ ರಾತ್ರಿ ಒಂದು ಗಂಟೆ ಕಾಲ ಸೈಟ್ ಮುಚ್ಚಿಡಿ. ಸ್ಕ್ರಿಪ್ಟ್ ಓಡುತ್ತಿರುವಾಗ ಯಾರಾದರೂ ಪಾಸ್‌ವರ್ಡ್ ಬದಲಿಸಿದರೆ ಅವರ ಹೊಸದು ಹಳೆಯ ಕಾಲಂಗೆ ಹೋಗಿ, ಅವರು ಹೊರಗೆ ಉಳಿಯುತ್ತಾರೆ.

---

ಬೆಟಗೇರಿ_ಮಗ್ಗ

ಸುತ್ತಿದ ಮೇಲೆ ಹಳೆಯ ಎಂಡಿ5 ಕಾಲಂ ಅಲ್ಲೇ ಇರಲಿ ಬಿಡಿ, ಏನಾದರೂ ಆದರೆ ಹಿಂದೆ ಬರಲು ಬೇಕಾಗುತ್ತದೆ.

---

ಉಣಕಲ್_ಕೆರೆ

ಬೇಡ. ಒಂದು ಭಾನುವಾರದ ಟೆಸ್ಟ್ ಸರಿಯಾಗಿ ಮುಗಿದ ಕೂಡಲೇ ಅದನ್ನು ತೆಗೆದುಹಾಕಿ. 2015ರಲ್ಲಿ ಆಶ್ಲಿ ಮ್ಯಾಡಿಸನ್ ಸೈಟ್‌ನ ಡೇಟಾ ಸೋರಿದಾಗ ಆದದ್ದು ಇದೇ. ಅವರ ಪಾಸ್‌ವರ್ಡ್‌ಗಳು ಬಿಕ್ರಿಪ್ಟ್ ಕಾಸ್ಟ್ 12ರಲ್ಲಿದ್ದವು. ಅದನ್ನು ಒಡೆಯಲು ಯಾರಿಂದಲೂ ಆಗುವುದಿಲ್ಲ ಅಂತಲೇ ಮೊದಲು ಅಂದುಕೊಂಡಿದ್ದರು. ಆದರೆ ಅದೇ ಡೇಟಾದಲ್ಲಿ ಲಾಗಿನ್ ಕೀ ಅಂತ ಇನ್ನೊಂದು ಕಾಲಂ ಇತ್ತು. ಅದನ್ನು ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಸೇರಿಸಿ ಎಂಡಿ5ನಿಂದ ಮಾಡಿದ್ದರು. ಸೈನೋಶೂರ್ ಪ್ರೈಮ್ ಅನ್ನುವ ತಂಡ ಬಿಕ್ರಿಪ್ಟ್ ಗೋಜಿಗೇ ಹೋಗದೆ ಆ ಎಂಡಿ5 ಹಿಡಿದು ಒಂದು ಕೋಟಿ ಹತ್ತು ಲಕ್ಷಕ್ಕೂ ಜಾಸ್ತಿ ಪಾಸ್‌ವರ್ಡ್ ಬಿಡಿಸಿತು.

ಹಳೆಯ ಕಾಲಂ ಡೇಟಾಬೇಸ್‌ನಲ್ಲಿ ಮಾತ್ರ ಇರುವುದಿಲ್ಲ, ಅದೂ ನೆನಪಿರಲಿ. ಸರ್ವರ್‌ನಲ್ಲಿ `backup.sql`, `students_old.sql` ಥರದ ಫೈಲ್ ಹುಡುಕಿ. `public_html` ಒಳಗೇ ಬಿದ್ದಿದ್ದರೆ ಬ್ರೌಸರ್‌ನಲ್ಲಿ ವಿಳಾಸ ಹಾಕಿದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆಫೀಸಿನವರ ಪೆನ್ ಡ್ರೈವ್‌ನಲ್ಲೂ ಕಾಪಿ ಇರುತ್ತದೆ. ಆಮೇಲೆ ಕೋಡ್‌ನಲ್ಲಿ `grep -rni "md5(" .` ಓಡಿಸಿ. ಅಡ್ಮಿನ್ ಪುಟ, ಮೊಬೈಲ್ ಆ್ಯಪ್‌ನ ಎಪಿಐ ಎಲ್ಲೋ ಒಂದು ಕಡೆ ಹಳೆಯ ಹೋಲಿಕೆ ಉಳಿದೇ ಇರುತ್ತದೆ.

---

ವಿದ್ಯಾಗಿರಿ_ಹುಡುಗಿ

ಸರ್, ಸುತ್ತಿಟ್ಟವರು ಲಾಗಿನ್ ಆಗದೇ ಹೋದರೆ? ಕೆಲಸ ಸಿಕ್ಕಿ ಹೋದವರು ಮತ್ತೆ ಬರುವುದೇ ಇಲ್ಲ. ಅವರದ್ದು ಹಾಗೇ `md5wrap` ಆಗಿ ಉಳಿಯುತ್ತದೆ ಅಲ್ವಾ?

---

ಉಣಕಲ್_ಕೆರೆ

ಉಳಿಯುತ್ತದೆ. ಅದರಲ್ಲಿ ಒಂದು ಸಣ್ಣ ತೊಂದರೆಯೂ ಇದೆ. ಅದೇ ಹುಡುಗನ ಎಂಡಿ5 ಬೇರೆ ಯಾವುದೋ ಸೈಟ್‌ನಿಂದ ಸೋರಿದ್ದರೆ, ಕಳ್ಳ ಪಾಸ್‌ವರ್ಡ್ ಗೊತ್ತಿಲ್ಲದೆಯೇ ಆ ಎಂಡಿ5 ಅನ್ನು ನೇರವಾಗಿ ಇಲ್ಲಿ ಹಾಕಿ ನೋಡಬಹುದು. ಹೊಂದಿದರೆ ಆಮೇಲೆ ಆರಾಮಾಗಿ ವೇಗದ ಎಂಡಿ5 ಮೇಲೆ ಕೂತು ಒಡೆಯುತ್ತಾನೆ. ಹಾಗಾಗಿ ಸುತ್ತಿದ್ದನ್ನು ಕಾಯಂ ಇಡಬಾರದು. ನಾನು ಆರು ತಿಂಗಳು ನೋಡಿ, ಬಾರದವರ ಹ್ಯಾಶ್ ಅಳಿಸಿಬಿಡುತ್ತೇನೆ. ಅವರು ಎಂದಾದರೂ ಬಂದರೆ ಒಟಿಪಿ ಮೇಲೆ ಹೊಸದು ಇಡಲಿ.

---

ಹಾವೇರಿ_ಮೇಡಂ

ಆರು ತಿಂಗಳು ಕಡಿಮೆ. ಒಂದು ನೋಟಿಫಿಕೇಷನ್ ಬಿಟ್ಟು ಇನ್ನೊಂದಕ್ಕೆ ಬರುವ ಹುಡುಗರು ವರ್ಷ ಬಿಟ್ಟೇ ಬರುತ್ತಾರೆ. ಆಗ ನಂಬರ್ ಬದಲಾಗಿದ್ದರೆ ಒಟಿಪಿ ಯಾರಿಗೆ ಹೋಗುತ್ತದೆ? ಬೇರೆ ಯಾರದ್ದೋ ಕೈಗೆ. ಆಫೀಸಿಗೆ ಬಂದು ಹಾಲ್ ಟಿಕೆಟ್ ತೋರಿಸಿ ಹೊಸದು ಇಡಿಸಿಕೊಳ್ಳುವ ದಾರಿಯೂ ಇರಲಿ.

---

ಸಪ್ತಾಪುರ_ಸಂಜೆ

`strtolower` ಹಾಕಿ ಕಾಪಿ ಮೇಲೆ ಮತ್ತೆ ಓಡಿಸಿದೆ. ಎಲ್ಲ 60 ಬಂತು, ಒಂದೇ ಥರದ ಹ್ಯಾಶ್ ಒಂದೂ ಇಲ್ಲ, ಆ ಬ್ಯಾಚಿನವರೂ ಒಳಗೆ ಬರುತ್ತಿದ್ದಾರೆ. `must_change` ಗುರುತು ಹಾಕಿ ಎಣಿಸಿದರೆ ಅರ್ಧಕ್ಕಿಂತ ಜಾಸ್ತಿ ಜನ ಇನ್ನೂ ಹುಟ್ಟಿದ ತಾರೀಖಿನಲ್ಲೇ ಇದ್ದಾರೆ. ಸೆಂಟರ್‌ನ ಯಜಮಾನರಿಗೆ ತೋರಿಸಿದೆ. ಇನ್ನು ಮುಂದೆ ಅಡ್ಮಿಷನ್‌ನಲ್ಲಿ ಸಿಸ್ಟಂ ತಾನೇ ಮಾಡಿದ ಪಾಸ್‌ವರ್ಡನ್ನು ರಸೀದಿ ಮೇಲೆ ಪ್ರಿಂಟ್ ಮಾಡಿ ಕೊಡಲು ಒಪ್ಪಿದ್ದಾರೆ, ಮೊದಲ ಲಾಗಿನ್‌ನಲ್ಲೇ ಅದನ್ನು ಬದಲಿಸಬೇಕು.

ಸರ್ವರ್‌ನಲ್ಲಿ ಅಳೆದೆ. ಕಾಸ್ಟ್ 12ಕ್ಕೆ ಸುಮಾರು 0.4 ಸೆಕೆಂಡ್ ಬರುತ್ತಿದೆ, ಎರಡೇ ಕೋರ್. ಮೇಡಂ ಹೇಳಿದ ಭಯ ನಿಜ. ಈ ಭಾನುವಾರಕ್ಕೆ 10 ಇಡುತ್ತೇನೆ. ಸರ್ವರ್ ದೊಡ್ಡದು ತಗೊಂಡ ಮೇಲೆ ಕೋಡ್‌ನಲ್ಲಿ 12 ಮಾಡಿದರೆ `password_needs_rehash` ತಾನೇ ಒಬ್ಬೊಬ್ಬರನ್ನೂ ಮೇಲಕ್ಕೆ ತರುತ್ತದೆ ಅಲ್ವಾ? `grep`ನಲ್ಲಿ ಆ್ಯಪ್‌ನ ಎಪಿಐ ಸಿಕ್ಕಿತು. ಅದರಲ್ಲಿ ಫೋನೇ ಎಂಡಿ5 ಮಾಡಿ ಸರ್ವರ್‌ಗೆ ಕಳಿಸುತ್ತದೆ, ಅಸಲಿ ಪಾಸ್‌ವರ್ಡ್ ನನಗೆ ಬರುವುದೇ ಇಲ್ಲ. ಹಳೆಯ ಆ್ಯಪ್ ಇಟ್ಟುಕೊಂಡವರನ್ನು ನೇರ ಬಿಕ್ರಿಪ್ಟ್‌ಗೆ ತರುವುದು ಹೇಗೆ?

---

ಉಣಕಲ್_ಕೆರೆ

ಕಾಸ್ಟ್ ವಿಷಯ ಹೌದು, ಲಾಗಿನ್ ಆದ ಹಾಗೆ ಒಬ್ಬೊಬ್ಬರೇ ಮೇಲೆ ಬರುತ್ತಾರೆ.

ಆ್ಯಪ್‌ನದ್ದು ಸ್ವಲ್ಪ ತಲೆನೋವು. ಆ್ಯಪ್ ಅಪ್‌ಡೇಟ್ ಆಗುವ ತನಕ ಅವರು ಸುತ್ತಿದ ಸ್ಥಿತಿಯಲ್ಲೇ ಇರಬೇಕು, ಬೇರೆ ದಾರಿ ಇಲ್ಲ. ಆ್ಯಪ್‌ನಿಂದ ಬಂದದ್ದನ್ನು ನೇರ ಪಾಸ್‌ವರ್ಡ್ ಅಂತ ತಿಳಿದು ಕೋಡ್ `bcrypt` ಅಂತ ಬರೆದುಬಿಟ್ಟರೆ ಅದೇ ಹುಡುಗ ಸೈಟ್‌ನಲ್ಲಿ ಲಾಗಿನ್ ಆಗಲಾರ. ಅದೇ ರೀತಿ ಸೈಟ್‌ನಲ್ಲಿ ಒಮ್ಮೆ ಲಾಗಿನ್ ಆಗಿ `bcrypt`ಗೆ ಹೋದವನು ಹಳೆಯ ಆ್ಯಪ್‌ನಿಂದ ಬರಲಾರ. ಎಪಿಐನಲ್ಲಿ ಆ್ಯಪ್ ವರ್ಷನ್ ಬರುತ್ತದಾ ನೋಡಿ. ಬರುತ್ತಿದ್ದರೆ ಹಳೆಯ ಆ್ಯಪ್ ಬಳಸುವವರ ಸಾಲನ್ನು ಸೈಟ್‌ನಲ್ಲೂ ಬದಲಿಸದೆ ಬಿಡಬಹುದು. ಬರದಿದ್ದರೆ ಮೊದಲು ಆ್ಯಪ್ ಅಪ್‌ಡೇಟ್ ಬಿಟ್ಟು, ಆಮೇಲೆ ಸೈಟ್‌ನ ರೀಹ್ಯಾಶ್ ಶುರು ಮಾಡಿ. ರಾತ್ರಿಯ ಸುತ್ತುವ ಕೆಲಸವನ್ನು ಮಾತ್ರ ಅದಕ್ಕಾಗಿ ಕಾಯಿಸಬೇಡಿ.